ಪಿಎಫ್ ಟ್ರಸ್ಟ್‌ಗೆ ನಷ್ಟವಾದರೆ ಅದು ಯಾರ ತಲೆಗೆ ಬರುತ್ತದೆ?

2020ರಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ಕಂಪನಿಯ ಹಿರಿಯ ಫಿಟ್ಟರ್ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು ಮೊಬೈಲ್ ಮುಂದೆ ಹಿಡಿದರು. "ಸಾರ್, ಪಾಸ್‌ಬುಕ್ ತೆಗೆದ್ರೆ ಬರೀ ಪೆನ್ಷನ್ ದುಡ್ಡು ತೋರಿಸ್ತಿದೆ. ನನ್ನ ಪಿಎಫ್ ಎಲ್ಲೋಯ್ತು?" ಇಪ್ಪತ್ತೆರಡು ವರ್ಷ ದುಡಿದವರು ಅವರು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದ ಹಣ ಸರ್ಕಾರದ ಹತ್ತಿರ ಇದೆ ಅಂತಲೇ ಅಷ್ಟೂ ವರ್ಷ ನಂಬಿದ್ದರು. ಆ ಹಣ ಸರ್ಕಾರದ ಹತ್ತಿರ ಇರಲಿಲ್ಲ. ನಮ್ಮ ಕಂಪನಿಯದೇ ಪಿಎಫ್ ಟ್ರಸ್ಟ್‌ನಲ್ಲಿ ಇತ್ತು. ನಾನು ಅದರಲ್ಲಿ ನೌಕರರ ಕಡೆಯ ಟ್ರಸ್ಟಿ. ಅವರಿಗೆ ಉತ್ತರ ಹೇಳುವಾಗ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಈ ಮಾತನ್ನು ಯಾರೂ ಅವರಿಗೆ ಕೂರಿಸಿ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ವಿಷಯ ಹೀಗಿದೆ. 1952ರ ಪಿಎಫ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೆಲವು ಕಂಪನಿಗಳಿಗೆ ವಿನಾಯಿತಿ ಸಿಕ್ಕಿದೆ. ಅಂಥ ಕಂಪನಿ ಪಿಎಫ್ ಹಣವನ್ನು ಸರ್ಕಾರದ ಪಿಎಫ್ ಸಂಸ್ಥೆಯಾದ ಇಪಿಎಫ್‌ಒಗೆ ಕಟ್ಟುವುದಿಲ್ಲ. ತನ್ನದೇ ಟ್ರಸ್ಟ್ ಮಾಡಿ ಅದರಲ್ಲಿ ಇಡುತ್ತದೆ. ಪೆನ್ಷನ್ ಪಾಲು ಮಾತ್ರ ಸಾಮಾನ್ಯವಾಗಿ ಇಪಿಎಫ್‌ಒಗೇ ಹೋಗುತ್ತದೆ. 15,000 ರೂಪಾಯಿ ಮಿತಿಯ ಮೇಲೆ 8.33% ಲೆಕ್ಕ ಹಾಕಿದರೆ ತಿಂಗಳಿಗೆ 1,250 ರೂಪಾಯಿ. ಆ ಫಿಟ್ಟರ್‌ಗೆ ಪಾಸ್‌ಬುಕ್‌ನಲ್ಲಿ ಕಂಡದ್ದು ಅದು.

ಟ್ರಸ್ಟ್ ಅಂದ ಕೂಡಲೇ ಮೋಸ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ನಡೆಯುವ ಟ್ರಸ್ಟ್‌ನಲ್ಲಿ ಮನೆ ಕಟ್ಟಲು ಅಡ್ವಾನ್ಸ್ ಕೇಳಿದರೆ ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ. ಇಪಿಎಫ್‌ಒ ಕಚೇರಿಗೆ ಅಲೆಯುವ ಕೆಲಸ ಇಲ್ಲ. ಕಂಪನಿಗೂ ಖರ್ಚು ಕಡಿಮೆ. ಸಂಬಳದ 0.5% ಆಡಳಿತ ಶುಲ್ಕದ ಬದಲು 0.18% ತಪಾಸಣೆ ಶುಲ್ಕ ಕಟ್ಟಿದರೆ ಸಾಕು. ಎಷ್ಟೋ ದೊಡ್ಡ ಕಂಪನಿಗಳ ಟ್ರಸ್ಟ್‌ಗಳು ದಶಕಗಳಿಂದ ಸರಿಯಾಗಿ ನಡೆದಿವೆ.

ಆದರೆ ವಿನಾಯಿತಿ ಸುಮ್ನೆ ಸಿಗುವುದಿಲ್ಲ, ಷರತ್ತುಗಳಿವೆ. ನೌಕರರಿಗೆ ಮುಖ್ಯವಾದವು ಎರಡು. ಇಪಿಎಫ್‌ಒ ಘೋಷಿಸುವ ಬಡ್ಡಿಗಿಂತ ಟ್ರಸ್ಟ್ ಕಡಿಮೆ ಕೊಡುವಂತಿಲ್ಲ, ಟ್ರಸ್ಟ್ ಗಳಿಕೆ ಸಾಲದಿದ್ದರೆ ಮಾಲೀಕರು ತುಂಬಿಕೊಡಬೇಕು. ಇನ್ನೊಂದು, ಕಳ್ಳತನ, ದುರುಪಯೋಗ ಅಥವಾ ಬೇರೆ ಯಾವ ಕಾರಣಕ್ಕೆ ಅಸಲಿಗೆ ನಷ್ಟವಾದರೂ ಅದನ್ನೂ ಮಾಲೀಕರೇ ಭರ್ತಿ ಮಾಡಬೇಕು. ಇದನ್ನು ಓದಿದಾಗ ಸಮಾಧಾನವಾಗುತ್ತದೆ, ಅಲ್ವಾ? ನನಗೂ ಆಗಿತ್ತು. ಆ ಭರವಸೆ ಕೊಟ್ಟವರ ಹತ್ತಿರ ದುಡ್ಡು ಇರುತ್ತದಾ ಅಂತ ನಾನು ಯೋಚಿಸಿರಲಿಲ್ಲ.

ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಟ್ರಸ್ಟಿಗಳ ಮೀಟಿಂಗ್ ಇರುತ್ತಿತ್ತು. ಕಂಪನಿ ಕಡೆಯವರು ಎಷ್ಟು ಜನವೋ ನೌಕರರ ಕಡೆಯವರೂ ಅಷ್ಟೇ ಜನ. ಫೈನಾನ್ಸ್‌ನವರು ಒಂದು ಪಟ್ಟಿ ಮುಂದಿಡುತ್ತಿದ್ದರು. ಯಾವ ಬಾಂಡ್, ಎಷ್ಟು ಲಕ್ಷ, ಬಡ್ಡಿ ಎಷ್ಟು, ರೇಟಿಂಗ್ ಏನು. ಒಮ್ಮೆ ಆ ಪಟ್ಟಿಯಲ್ಲಿ ಒಂದು ಫೈನಾನ್ಸ್ ಕಂಪನಿಯ ಬಾಂಡ್ ಇತ್ತು. ಉಳಿದವುಗಳಿಗಿಂತ ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ. ಯಾಕೆ ಅಂತ ಕೇಳಿದೆ. "ರೇಟಿಂಗ್ ಟ್ರಿಪಲ್ ಎ ಇದೆ. ಇಪಿಎಫ್‌ಒ ರೇಟ್ ಮುಟ್ಟಬೇಕಲ್ಲ, ಇಂಥವು ಸ್ವಲ್ಪ ಬೇಕು" ಅಂದರು. ನಾನು ಸಹಿ ಹಾಕಿದೆ.

ಅವರು ಹೇಳಿದ್ದು ಸುಳ್ಳಲ್ಲ, ತೊಂದರೆಯ ಬೇರು ಅಲ್ಲೇ ಇದೆ. 2018-19ಕ್ಕೆ ಇಪಿಎಫ್‌ಒ ಬಡ್ಡಿ 8.65%. ಆಗ ಸರ್ಕಾರಿ ಬಾಂಡ್‌ಗಳಲ್ಲಿ ಅಷ್ಟು ಗಳಿಕೆ ಇರಲಿಲ್ಲ. ಇಪಿಎಫ್‌ಒ ಹತ್ತಿರ ಹಿಂದಿನ ವರ್ಷಗಳ ಹೆಚ್ಚು ಬಡ್ಡಿಯ ಬಾಂಡ್‌ಗಳ ದೊಡ್ಡ ರಾಶಿ ಇದೆ, ಷೇರು ಫಂಡ್‌ಗಳಲ್ಲಿ ಹಾಕಿದ ಹಣದ ಲಾಭವನ್ನೂ ಬೇಕಾದಾಗ ತೆಗೆಯಬಹುದು. ಸಣ್ಣ ಟ್ರಸ್ಟ್‌ಗೆ ಆ ಅನುಕೂಲ ಇಲ್ಲ. ಕಡಿಮೆ ಬಿದ್ದರೆ ಕಂಪನಿ ಕೈಯಿಂದ ಹಾಕಬೇಕು. ಅದನ್ನು ತಪ್ಪಿಸಲು ಹೆಚ್ಚು ಬಡ್ಡಿಯ ಖಾಸಗಿ ಬಾಂಡ್‌ಗಳ ಕಡೆ ಕೈ ಚಾಚುತ್ತಾರೆ. ರೇಟಿಂಗ್ ನಂಬಿದವರಿಗೆ ಏನಾಯಿತು ಅಂತ 2018ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶ ನೋಡಿತು. ಮೂಲಸೌಕರ್ಯಕ್ಕೆ ಹಣ ಒದಗಿಸುವ ಐಎಲ್ ಅಂಡ್ ಎಫ್‌ಎಸ್ ಕಂಪನಿಯ ರೇಟಿಂಗ್ ಕೆಲವೇ ವಾರಗಳಲ್ಲಿ ಅತಿ ಸುರಕ್ಷಿತ ಅನ್ನುವ ಟ್ರಿಪಲ್ ಎ ಇಂದ, ಸಾಲ ತೀರಿಸಲಿಲ್ಲ ಅನ್ನುವ ಡಿ ಗೆ ಬಿತ್ತು. ಎಷ್ಟೋ ಪಿಎಫ್ ಟ್ರಸ್ಟ್‌ಗಳ ಹಣ ಅದರಲ್ಲಿ ಸಿಕ್ಕಿಕೊಂಡಿತು. ನಮ್ಮ ಟ್ರಸ್ಟ್ ಕೊಂಡಿದ್ದ ಬಾಂಡ್‌ನ ಬಡ್ಡಿಯೂ ಸ್ವಲ್ಪ ಸಮಯದ ನಂತರ ನಿಂತುಹೋಯಿತು.

ಆಗ ಟ್ರಸ್ಟ್ ಒಳಗೆ ಏನಾಗುತ್ತದೆ ಅನ್ನುವುದನ್ನು ಸುಲಭ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ಟ್ರಸ್ಟ್‌ನಲ್ಲಿ 500 ಜನ, ಒಬ್ಬೊಬ್ಬರ ಲೆಕ್ಕದಲ್ಲಿ ಸರಾಸರಿ 20 ಲಕ್ಷ, ಒಟ್ಟು 100 ಕೋಟಿ ಅಂತಿಟ್ಟುಕೊಳ್ಳಿ. ಅದರಲ್ಲಿ 4 ಕೋಟಿಯ ಬಾಂಡ್ ಮುಳುಗಿತು. ಉಳಿದ 96 ಕೋಟಿ 7.5% ಗಳಿಸಿದರೆ 7.20 ಕೋಟಿ. ಇಪಿಎಫ್‌ಒ ಬಡ್ಡಿ 8.25% ಇದ್ದರೆ ನೌಕರರಿಗೆ ಪೂರ್ತಿ 100 ಕೋಟಿಯ ಮೇಲೆ 8.25 ಕೋಟಿ ಕೊಡಬೇಕು. ಬಡ್ಡಿಯಲ್ಲೇ 1.05 ಕೋಟಿ ಕೊರತೆ. ಅಸಲು 4 ಕೋಟಿ ಸೇರಿಸಿದರೆ ಕಂಪನಿ ಆ ವರ್ಷ 5.05 ಕೋಟಿ ತರಬೇಕು. ವರ್ಷಕ್ಕೆ 200 ಕೋಟಿ ಲಾಭ ಮಾಡುವ ಕಂಪನಿಗೆ ಇದು ಲೆಕ್ಕಕ್ಕೇ ಇಲ್ಲ. ಸಂಬಳ ಕೊಡಲೂ ಓವರ್‌ಡ್ರಾಫ್ಟ್ ತೆಗೆಯುವ ಕಂಪನಿ ಎಲ್ಲಿಂದ ತರುತ್ತದೆ?

ಅಂಥ ಕಂಪನಿ ಮಾಡುವುದು ಒಂದೇ, ಕಾಲ ತಳ್ಳುವುದು. ಮುಳುಗಿದ ಬಾಂಡ್ ಪುಸ್ತಕದಲ್ಲಿ ಹಳೇ ಬೆಲೆಗೇ ಕೂತಿರುತ್ತದೆ. ನೌಕರರ ಪಿಎಫ್ ಲೆಕ್ಕದ ಸ್ಲಿಪ್‌ನಲ್ಲಿ ಬಡ್ಡಿ ಪೂರ್ತಿ ಕಾಣುತ್ತದೆ. ಬಿಟ್ಟು ಹೋದವರಿಗೆ ಪೂರ್ತಿ ಹಣವೂ ಸಿಗುತ್ತದೆ, ಯಾಕೆಂದರೆ ತಿಂಗಳು ತಿಂಗಳು ಹೊಸ ವಂತಿಗೆ ಬರುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲಾ ಚೆನ್ನಾಗಿದೆ.

ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗೋಣ. ಬಡ್ಡಿಯನ್ನು ಬದಿಗಿಟ್ಟು ಬರೀ ಅಸಲು ನೋಡಿ. ಕೊರತೆ 4 ಕೋಟಿ, 500 ಜನರಿಗೆ ಹಂಚಿದರೆ ತಲೆಗೆ 80,000. ಕಂಪನಿ ಸೊರಗುತ್ತಿದ್ದಂತೆ 300 ಜನ ಕೆಲಸ ಬಿಟ್ಟರು, ತಲಾ 20 ಲಕ್ಷದಂತೆ 60 ಕೋಟಿ ಪೂರ್ತಿ ತೆಗೆದುಕೊಂಡು ಹೋದರು. ಈಗ ಉಳಿದ 200 ಜನರಿಗೆ ಸೇರಬೇಕಾದ್ದು 40 ಕೋಟಿ, ಟ್ರಸ್ಟ್‌ನಲ್ಲಿ ಇರುವುದು 36 ಕೋಟಿ. ತಲೆಗೆ 2 ಲಕ್ಷ ಕೊರತೆ. ಮೊದಲು ಹೋದವರ ತಪ್ಪಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಆದರೆ ನಷ್ಟವೆಲ್ಲಾ ಕೊನೆವರೆಗೂ ಕಂಪನಿಯನ್ನು ನಂಬಿ ಉಳಿದವರ ಮೇಲೆ ಬಂದು ಕೂತಿತು. ಕೆಲಸ ಹೋಗುವ ದಿನವೇ ಪಿಎಫ್‌ಗೆ ಜಾಮೀನು ನಿಂತ ಕಂಪನಿಯೂ ಕೈ ಎತ್ತುತ್ತದೆ.

ಇಪಿಎಫ್‌ಒ ಹೂಡಿದ ಬಾಂಡ್‌ಗಳೂ ಮುಳುಗಿವೆ. ಐಎಲ್ ಅಂಡ್ ಎಫ್‌ಎಸ್‌ನಲ್ಲಿ ಅದರ ಹಣವೂ ಇತ್ತು. ಆದರೆ ಅಲ್ಲಿ ನಷ್ಟ ಕೋಟಿಗಟ್ಟಲೆ ಸದಸ್ಯರ ದೊಡ್ಡ ನಿಧಿಯಲ್ಲಿ ಕರಗಿಹೋಗುತ್ತದೆ, ಒಬ್ಬ ಮಾಲೀಕರ ಬ್ಯಾಲೆನ್ಸ್ ಶೀಟ್ ಮೇಲೆ ನಿಂತಿರುವುದಿಲ್ಲ. ನನ್ನ ಕಣ್ಣಿಗೆ ದೊಡ್ಡ ವ್ಯತ್ಯಾಸ ಅಂದರೆ ಇದು.

ಉತ್ತರ ಪ್ರದೇಶದ ವಿದ್ಯುತ್ ನೌಕರರ ಕಥೆ ನೆನಪಿರಬಹುದು. ಅವರ ಪಿಎಫ್ ಟ್ರಸ್ಟ್‌ಗಳು 2017ರಿಂದ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿಯಲ್ಲಿ 4,100 ಕೋಟಿಗೂ ಹೆಚ್ಚು ಠೇವಣಿ ಇಟ್ಟವು. 2019ರಲ್ಲಿ ಆ ಕಂಪನಿ ಕುಸಿದಾಗ ಸುಮಾರು 2,268 ಕೋಟಿ ಸಿಕ್ಕಿಕೊಂಡಿತು. ನೌಕರರು ಬೀದಿಗಿಳಿದರು, ತನಿಖೆ ಆಯಿತು, ಅಧಿಕಾರಿಗಳ ಬಂಧನವೂ ಆಯಿತು. ಅಲ್ಲಿ ಮಾಲೀಕರು ಸರ್ಕಾರ, ಕೇಳಲು ಒಂದು ಬಾಗಿಲು ಇತ್ತು. ಖಾಸಗಿ ಕಂಪನಿ ದಿವಾಳಿ ಎದ್ದರೆ ಯಾರ ಬಾಗಿಲು ತಟ್ಟುವುದು? ದಿವಾಳಿ ಕಾಯ್ದೆಯಲ್ಲಿ ನೌಕರರಿಗೆ ಪಿಎಫ್‌ನಿಂದ ಬರಬೇಕಾದ ಹಣವನ್ನು ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯಿಂದ ಹೊರಗಿಟ್ಟಿದ್ದಾರೆ, ನಿಜ. ಆದರೂ ಅದನ್ನು ಕೈಗೆ ಪಡೆಯಲು ಟ್ರಿಬ್ಯೂನಲ್‌ಗೆ ಅಲೆಯಬೇಕು.

ಮೂರು ವರ್ಷ ಸತತ ನಷ್ಟ ತೋರಿಸಿದ ಅಥವಾ ಬಂಡವಾಳ ಕರಗಿದ ಕಂಪನಿಯ ವಿನಾಯಿತಿಯನ್ನು ವಾಪಸ್ ಪಡೆಯಬೇಕು ಅಂತ ಷರತ್ತಿನಲ್ಲೇ ಇದೆ. ಆಗ ಎಲ್ಲರ ಹಣ ಇಪಿಎಫ್‌ಒಗೆ ವರ್ಗಾವಣೆ ಆಗಬೇಕು. ನನ್ನ ಪ್ರಕಾರ ಮೂರು ವರ್ಷ ತುಂಬಾ ತಡ. ಮೂರನೇ ವರ್ಷದ ಹೊತ್ತಿಗೆ ಕೊರತೆ ತುಂಬುವ ಶಕ್ತಿಯೇ ಉಳಿದಿರುವುದಿಲ್ಲ. ಬಾಂಡ್ ಮುಳುಗಿದ ಅದೇ ವರ್ಷ ಕಂಪನಿ ಹಣ ತುಂಬಬೇಕು, ತುಂಬಿದ್ದನ್ನು ನೋಟಿಸ್ ಬೋರ್ಡ್‌ನಲ್ಲಿ ಹಾಕಬೇಕು. ಅದು ಆಗದಿದ್ದರೆ ಆ ವರ್ಷವೇ ವಿನಾಯಿತಿ ಹೋಗಬೇಕು.

ನಿಮ್ಮ ಹಣ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಬಹುದು. ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ Establishment Search ಅಂತ ಇದೆ, ಅಲ್ಲಿ ಕಂಪನಿ ಹೆಸರು ಹಾಕಿದರೆ ವಿನಾಯಿತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಟ್ರಸ್ಟ್ ಇದ್ದರೆ, ಹಣಕಾಸು ವರ್ಷ ಮುಗಿದು ಆರು ತಿಂಗಳೊಳಗೆ ನಿಮ್ಮ ಲೆಕ್ಕದ ಸ್ಲಿಪ್ ಕೈಗೆ ಬರಬೇಕು. ಬರದಿದ್ದರೆ ಅದೇ ಮೊದಲ ಲಕ್ಷಣ. ಕಂಪನಿ ಷೇರುಪೇಟೆಯಲ್ಲಿದ್ದರೆ ಅದರ ವಾರ್ಷಿಕ ವರದಿ ತೆಗೆದು ಎಂಪ್ಲಾಯೀ ಬೆನಿಫಿಟ್ಸ್ ಟಿಪ್ಪಣಿ ಓದಿ. ಬಡ್ಡಿಯ ಭರವಸೆ ಕಂಪನಿಯ ಮೇಲಿರುವುದರಿಂದ ಅಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ನೌಕರರಿಗೆ ಕೊಡಬೇಕಾದ್ದು ಎಷ್ಟು, ಟ್ರಸ್ಟ್‌ನ ಆಸ್ತಿಯ ಇವತ್ತಿನ ಬೆಲೆ ಎಷ್ಟು. ಎರಡನೆಯದು ಕಡಿಮೆ ಇದ್ದರೆ ಆ ಕೊರತೆ ಯಾವಾಗ ತುಂಬುತ್ತೀರಿ ಅಂತ ನಿಮ್ಮ ಕಡೆಯ ಟ್ರಸ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ನೀವೇ ಟ್ರಸ್ಟಿ ಆಗಿದ್ದರೆ, ಬಡ್ಡಿ ನಿಂತ ಬಾಂಡ್‌ಗಳ ಪಟ್ಟಿಯನ್ನು ಬೇರೆ ಕೇಳಿ, ಅದು ಕೈಗೆ ಸಿಗುವ ತನಕ ಸಹಿ ಹಾಕಬೇಡಿ. ನಾನು ಅಷ್ಟೂ ಮಾಡಿರಲಿಲ್ಲ.

ನಮ್ಮ ಕಂಪನಿ ಕೊನೆಗೆ ವಿನಾಯಿತಿ ಬಿಟ್ಟುಕೊಟ್ಟಿತು. ಕೊರತೆಯ ಹಣವನ್ನು ಕಂತುಗಳಲ್ಲಿ ತುಂಬಿತು. ಕೊನೆಯ ಕಂತಿಗೆ ಒಂದು ಗೋದಾಮು ಮಾರಬೇಕಾಯಿತು. ಆ ಫಿಟ್ಟರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಹಣ ಹದಿನಾಲ್ಕು ತಿಂಗಳು ತಡವಾಗಿ ಬಂತು, ಪೂರ್ತಿ ಬಂತು. ಅಲ್ಲಿವರೆಗೆ ಮನೆ ನಡೆಸಲು ಹೆಂಡತಿಯ ಬಳೆ ಅಡ ಇಟ್ಟಿದ್ದರು. ಆ ಸಾಲಕ್ಕೆ ಕಟ್ಟಿದ ಬಡ್ಡಿಯ ರಸೀದಿಗಳನ್ನು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಜೋಡಿಸಿಕೊಂಡು ಬಂದು, "ಇದನ್ನ ಯಾರ ಹತ್ರ ಕೇಳೋದು ಸಾರ್?" ಅಂದರು. ಯಾವ ಫಾರಂನಲ್ಲೂ ಅದಕ್ಕೆ ಜಾಗ ಇರಲಿಲ್ಲ.