ಎರಡೂ ಮನೆಯಲ್ಲಿ ನಾನು ‘ಅದು’

ನಮ್ಮ ಮನೆಮಾತಿನಲ್ಲಿ ಅಣ್ಣ ‘ಬಂದ’, ನಾನು ‘ಬಂತು’. ಅಣ್ಣ ‘ಅವ’, ನಾನು ‘ಅದು’. ಹವ್ಯಕರ ಕನ್ನಡದಲ್ಲಿ ಹೆಣ್ಣುಮಕ್ಕಳಿಗೆ ನಪುಂಸಕಲಿಂಗ. ಎಂಬತ್ತು ದಾಟಿದ ಅಮ್ಮಮ್ಮನೂ ‘ಅದು’, ಕೊಟ್ಟಿಗೆಯ ದನವೂ ‘ಅದು’. ಸಾಗರದ ಹತ್ತಿರದ ನಮ್ಮೂರಲ್ಲಿ ಇರುವವರೆಗೆ ಇದು ವಿಚಿತ್ರ ಅಂತ ನನಗೆ ಅನ್ನಿಸಿದ್ದೇ ಇಲ್ಲ. ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗನೊಬ್ಬನ ಜೊತೆ ಕಾಫಿಗೆ ಹೋಗಲು ಶುರುಮಾಡಿ, ಆ ಕಾಫಿಯ ಸುದ್ದಿ ಎರಡೂ ಮನೆಗೆ ಮುಟ್ಟಿದ ಮೇಲೆಯೇ ವ್ಯಾಕರಣದ ತೊಂದರೆ ಗೊತ್ತಾಗಿದ್ದು.

ಮೊದಲ ಪೆಟ್ಟು ಫೋನಿನಲ್ಲಿ ಬಿತ್ತು. ಅವನಮ್ಮ ಸೌಜನ್ಯಕ್ಕೆಂದು ನಮ್ಮಮ್ಮನಿಗೆ ಫೋನ್ ಮಾಡಿದ್ದರು. ಅಮ್ಮ ತನ್ನ ಅತ್ಯುತ್ತಮ ‘ಪೇಟೆ ಕನ್ನಡ’ದಲ್ಲೇ ಮಾತಾಡಿದಳು. ಆದರೆ ‘ಕೂಸು’ ಅನ್ನುವ ಒಂದು ಮಾತು ಬಿಡಲಾಗಲಿಲ್ಲ. ನಮ್ಮಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಮದುವೆ ವಯಸ್ಸು ಮೀರಿದರೂ ಕೂಸೇ. “ನಮ್ಮನೆ ಕೂಸು ಶಿವಮೊಗ್ಗದಲ್ಲೇ ಇರೋದು. ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ರಾತ್ರಿ ಹನ್ನೆರಡಾದರೂ ಮಲಗಲ್ಲ. ಹಾಲು ಅಂದರೆ ಆಗಲ್ಲ, ಕಾಫಿನೇ ಕುಡಿಯುತ್ತೆ,” ಅಂದಳು.

ಅವತ್ತು ಸಂಜೆ ಹುಡುಗ ನನಗೆ ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು, “ನೀನು ನನಗೆ ಹೇಳದೇ ಇರೋದು ಏನಾದರೂ ಇದೆಯಾ?” ಅಂತ ಕೇಳಿದ. ಅವನ ಮನೆಯಲ್ಲಿ ಆಗಲೇ ಎರಡು ಪ್ರಶ್ನೆ ಎದ್ದಿದ್ದವು. ಒಂದು, ಮಗು ಯಾರದ್ದು? ಎರಡು, ಹಸುಗೂಸಿಗೆ ಕಾಫಿ ಕೊಡುವ ಇವರು ಎಂಥ ಜನ? ಎರಡನೆಯದೇ ಅವನಮ್ಮನಿಗೆ ಹೆಚ್ಚು ನೋವು ಕೊಟ್ಟಿತ್ತಂತೆ. ಕೂಸಿಗೆ ಇಪ್ಪತ್ತೆಂಟು ವರ್ಷ ಅಂತ ತಿಳಿದ ಮೇಲೆ ಮನೆ ತಣ್ಣಗಾಯಿತು.

ನಮ್ಮನೆಗೆ ಮೊದಲ ಸಲ ಬಂದಾಗ ಅವನೂ ಎಡವಿದ. ಜಗಲಿಗೆ ಕಾಲಿಟ್ಟವನನ್ನು ಅಮ್ಮಮ್ಮ, “ಆಸ್ರಿಗೆ ಎಂತಾ ಬೇಕು?” ಅಂತ ಕೇಳಿದಳು. ಕುಡಿಯಲು ಏನು ಬೇಕು ಅಂತ ಅದರ ಅರ್ಥ. ಬೆಲ್ಲ-ನೀರೋ, ಮಜ್ಜಿಗೆಯೋ, ಚಹವೋ. ಇವನಿಗೆ ಕೇಳಿಸಿದ್ದು ‘ಆಸರೆ’. ಎದ್ದು ನಿಂತು, “ಏನೂ ಬೇಡ ಅಜ್ಜಿ, ಶಿವಮೊಗ್ಗದಲ್ಲಿ ನಮಗೆ ಸ್ವಂತ ಮನೆ ಇದೆ,” ಅಂದ. ಅಮ್ಮಮ್ಮ ಒಂದು ಕ್ಷಣ ಸುಮ್ಮನಿದ್ದು, “ಮನೆ ಇದ್ದರೆ ಬಾಯಾರ್ತಿಲ್ಯನ?” ಅಂತ ಒಳಗೆ ಹೋದಳು.

ಮಾತು ಹೇಗೋ ಸುಧಾರಿಸೀತು, ಊಟದ ಕತೆ ಏನು? ನಮ್ಮದು ಅಡಕೆ ತೋಟ, ತಂಬುಳಿ, ಮಡಿ. ಅವರದ್ದು ವಾರಕ್ಕೆ ನಾಲ್ಕು ದಿನ ಮೀನು, ಹಬ್ಬ ಅಂದರೆ ಹಂದಿ. ನಮ್ಮವರು ಅಲ್ಲಿ ಬಾಳೆಲೆ ಮುಂದೆ ಕೂರುವುದು ಯಾವ ಜನ್ಮಕ್ಕೆ ಅಂತ ನಾನು ಯೋಚಿಸುತ್ತಿದ್ದಾಗ ಅವನೇ ದಾರಿ ಹುಡುಕಿದ. ಸೆಪ್ಟೆಂಬರ್ 8ಕ್ಕೆ ಅವರಲ್ಲಿ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಚರ್ಚಿಗೆ ಒಯ್ಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತಂದು, ಹೊಸಕ್ಕಿ ಊಟ ಮಾಡುತ್ತಾರೆ. ಮುಖ್ಯ ಸಂಗತಿಯೆಂದರೆ ಅವತ್ತು ಅವರ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ. ಬಾಳೆಲೆ ಮೇಲೆ ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ: ಐದು, ಏಳು ಅಥವಾ ಒಂಬತ್ತು ಬಗೆ.

ನಾನು ಕುಣಿದಾಡಿಬಿಟ್ಟೆ. ಆಮೇಲೆ ಪಂಚಾಂಗ ನೋಡಿದೆ.

2025ರ ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣ. 8ರಿಂದ ಪಿತೃಪಕ್ಷ. ಇಡೀ ವರ್ಷದಲ್ಲಿ ಹೆಣ್ಣಿನ ಮನೆಯವರು ಗಂಡಿನ ಮನೆ ಮೆಟ್ಟಿಲು ಹತ್ತಬಾರದ ದಿನವೊಂದನ್ನು ಆರಿಸು ಅಂದರೆ ಯಾವ ಜೋಯಿಸರೂ ಇದಕ್ಕಿಂತ ಪಕ್ಕಾ ಆರಿಸಲಾರರು. “ಪಕ್ಷದಲ್ಲಿ ಮದುವೆ ಮಾತಾಡ್ಲಾಗ,” ಅಂದ ಅಪ್ಪಯ್ಯ. ಅಮ್ಮಮ್ಮ ಎಲೆಗೆ ಸುಣ್ಣ ಸವರುತ್ತಾ, “ಮಾತಾಡ್ಲಾಗ, ಸರಿ. ಉಂಬಲಾಗ ಹೇಳಿ ಎಲ್ಲಿದ್ದು?” ಅಂದಳು. ಹಾಗೆ, ಮದುವೆಯ ಬಗ್ಗೆ ಒಂದಕ್ಷರ ಎತ್ತುವುದಿಲ್ಲ ಎಂಬ ಕರಾರಿನ ಮೇಲೆ ಮದುವೆಗೆ ಸಂಬಂಧಪಟ್ಟ ಮೊದಲ ಭೇಟಿ ನಿಗದಿಯಾಯಿತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಜಾತಿ, ಚರ್ಚು, ಶಾಸ್ತ್ರ ಯಾವುದನ್ನೂ ಎತ್ತುವ ಹಾಗಿಲ್ಲದ್ದರಿಂದ ಎಲ್ಲರಿಗೂ ಬಾಯಿ ಊಟಕ್ಕೆ ಮಾತ್ರ ಖಾಲಿ ಇತ್ತು.

ಅಡುಗೆಮನೆಯ ತಯಾರಿಗೆ ನಾನು ಅವನಿಗೆ ಮೂರು ಪ್ರಶ್ನೆ ಕೊಟ್ಟೆ. ‘ವೆಜ್ ತಾನೇ?’ ಅಂತ ಕೇಳಿದರೆ ಯಾರೂ ಹೌದು ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಕರಿಯುವ ಎಣ್ಣೆ ಹೊಸದಾ, ಹಿಂದಿನ ವಾರ ಬಂಗುಡೆ ಕಂಡಿದ್ದಾ? ಸೌಟು, ಬಾಣಲೆ ಯಾವುದು? ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆದಿದ್ದೀರಾ? ಸ್ಟೀಲ್ ಪಾತ್ರೆ ಹುಳಿ ಹಚ್ಚಿ ತಿಕ್ಕಿದರೆ ಎಲ್ಲವನ್ನೂ ಮರೆಯುತ್ತದೆ, ಆ ಕಪ್ಪು ರಬ್ಬರ್ ಮಾತ್ರ ಜನ್ಮಾಂತರದ ಮೀನನ್ನೂ ನೆನಪಿಟ್ಟುಕೊಂಡಿರುತ್ತದೆ. ಅವನಮ್ಮ ಹೊಸ ಬಾಣಲೆ, ಹೊಸ ಜಾರು ಎರಡನ್ನೂ ತಂದರು. ನಾನು ನಿಶ್ಚಿಂತಳಾದೆ. ನಾಲ್ಕನೆಯ ಪ್ರಶ್ನೆಯೊಂದು ಇತ್ತು ಅಂತ ನನಗೆ ಹೊಳೆಯಲೇ ಇಲ್ಲ.

ಗ್ರಹಣ ಹಿಡಿದದ್ದು ರಾತ್ರಿ 9.57ಕ್ಕೆ, ನಮ್ಮನೆಯ ಒಲೆಗೆ ಮಾತ್ರ ಮಧ್ಯಾಹ್ನವೇ ಹಿಡಿದಿತ್ತು. ಒಂಬತ್ತು ಗಂಟೆ ಮೊದಲೇ ಊಟ ಬಂದ್. ಮುದುಕರಿಗೆ ರಿಯಾಯಿತಿ ಇದ್ದರೂ ಅಮ್ಮಮ್ಮ ಒಲ್ಲೆ ಅಂದಳು. ನಡುರಾತ್ರಿ 1.26ಕ್ಕೆ ಮೋಕ್ಷವಾಗಿ, ಸ್ನಾನ ಮಾಡಿ, ಬೆಳಿಗ್ಗೆ ಒಂದು ಲೋಟ ಚಹ ಕುಡಿದು ನಮ್ಮವರು 70 ಚಿಲ್ಲರೆ ಕಿಲೋಮೀಟರು ಕಾರಿನಲ್ಲಿ ಬಂದರು. ಶಿವಮೊಗ್ಗ ಮುಟ್ಟುವ ಹೊತ್ತಿಗೆ ಮೂವರ ಹೊಟ್ಟೆಯಲ್ಲೂ ಧರ್ಮಭೇದ ಉಳಿದಿರಲಿಲ್ಲ.

ಬಾಗಿಲಲ್ಲೇ ಅವನ ಚಿಕ್ಕಮ್ಮ ಒಳಗೆ ತಿರುಗಿ, “ತೆಂ ಆಯ್ಲೆಂ!” ಅಂತ ಕೂಗಿದರು. ಏನಂದರು ಅಂತ ಕೇಳಿದೆ. ಹುಡುಗ ತಡವರಿಸಿದ. ಕೊಂಕಣಿಯಲ್ಲಿ ವಯಸ್ಸಾದ ಹೆಂಗಸಿಗೆ ‘ತಿ’, ಸಣ್ಣ ಪ್ರಾಯದವಳಿಗೆ ‘ತೆಂ’. ಅಂದರೆ? ಅಂದರೆ ಕನ್ನಡದಲ್ಲಿ... ‘ಅದು ಬಂತು’.

ಹಿಂದೆ ನಿಂತಿದ್ದ ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ಇಷ್ಟು ದೂರ ಬಂದು, ಬೇರೆ ದೇವರು, ಬೇರೆ ಭಾಷೆಯ ಮನೆಯಲ್ಲಿ, ಮಗಳನ್ನು ಸರಿಯಾದ ಲಿಂಗದಲ್ಲಿ ಕರೆಯುವವರು ಸಿಕ್ಕರಲ್ಲ! ನನಗೆ ಮಾತ್ರ, ಎರಡು ಭಾಷೆ ದಾಟಿದರೂ ದನದ ಸಾಲಿನಿಂದ ಬಿಡುಗಡೆ ಇಲ್ಲ ಅಂತ ಖಾತ್ರಿಯಾಯಿತು.

ಮುಂದಿನ ಸಂಕಟ ಲೆಕ್ಕದ್ದು. ಅವನಮ್ಮ ಏಳು ಬಗೆ ಮಾಡಿದ್ದರು. ನಮ್ಮಮ್ಮ ಬರಿಗೈಲಿ ಹೋಗಬಾರದೆಂದು ಸ್ಟೀಲ್ ಕ್ಯಾನಿನಲ್ಲಿ ಒಂದೆಲಗದ ತಂಬುಳಿ ತಂದಿದ್ದಳು. ಎಂಟಾಯಿತು. ಅಡುಗೆಮನೆಯಲ್ಲಿ ಮೌನ. ತಂಬುಳಿ ಕುಡಿಯುವಂಥದ್ದು, ಲೆಕ್ಕಕ್ಕಿಲ್ಲ ಅಂತ ಹುಡುಗ ವಾದಿಸಿದ. ಅಮ್ಮನಿಗೆ ಅವಮಾನವಾಯಿತು, ಮಾಡಿ ತಂದದ್ದು ಲೆಕ್ಕಕ್ಕಿಲ್ಲವಾ? ಕೊನೆಗೆ ಅಪ್ಪಯ್ಯ, “ಮುಯ್ಯಿಗೆ ನಾವೂ ನೂರಾ ಒಂದೇ ಕೊಡೋದು,” ಅಂತ ಕಾರಿನಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತಂದಿಟ್ಟ. ಒಂಬತ್ತು. ತಂಬುಳಿ ರುಚಿ ನೋಡಿದ ಅವನಮ್ಮ “ಬರೆಂ, ಬರೆಂ” ಅಂದರು. ಅಂದರೆ ಚೆನ್ನಾಗಿದೆ ಅಂತ. ಅಮ್ಮ, “ಆಗಲಿ, ಪೆನ್ನು ಕೊಡಿ, ಬರೆದು ಕೊಡ್ತೇನೆ,” ಅಂತ ಅಲ್ಲೇ ಕೂತು ಕ್ಯಾಲೆಂಡರಿನ ಹಿಂದೆ ತಂಬುಳಿ ಮಾಡುವ ಕ್ರಮ ಬರೆದಳು.

ಆಮೇಲೆ ಇಬ್ಬರೂ ಕೆಸುವಿನ ದಂಟಿನ ವಿಷಯಕ್ಕೆ ಬಿದ್ದರು. ಹುಳಿ ಬೀಳದಿದ್ದರೆ ಕೆಸು ಗಂಟಲು ಕೆರೆಯುತ್ತದೆ. ನಾವು ವಾಟೆಹುಳಿ ಹಾಕುತ್ತೇವೆ, ಅವರು ಅಮಟೆಕಾಯಿ. ಯಾವುದು ಮೇಲು ಅನ್ನುವುದರ ಬಗ್ಗೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ಹೊರಗೆ ಅಪ್ಪಯ್ಯನಿಗೆ ತೆನೆಯದ್ದೇ ಅನುಮಾನ. “ನಮ್ಮ ಗದ್ದೆ ಇನ್ನೂ ಹೊಡೆಗೇ ಬಂದಿಲ್ಲ, ನಿಮಗೆ ತೆನೆ ಎಲ್ಲಿಂದ ಬಂತು?” ಅಂತ ಅವನಪ್ಪನನ್ನು ಪೊಲೀಸನ ಹಾಗೆ ವಿಚಾರಿಸಿದ. ಕುಂದಾಪುರದ ಕಡೆಯ ನೆಂಟರ ಗದ್ದೆಯದ್ದಂತೆ. ಘಟ್ಟದ ಕೆಳಗೆ ನಾಟಿ ಬೇಗ. ಕದಿರು ತಂದು ಹೊಸತು ಮಾಡುವುದು ನಮ್ಮಲ್ಲೂ ಇದೆ, ಆದರೆ ನಮ್ಮ ಗದ್ದೆ ಕೊಡುವಾಗ. ಅವನಪ್ಪ ಕಾಳು ಸುಲಿದು ಹಾಲಿಗೆ ಹಾಕಿ ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಟ್ಟಾಗ ಅಪ್ಪಯ್ಯ ಎರಡೂ ಕೈ ಒಡ್ಡಿ ತಗೊಂಡ. ಬಾಯಿಗೆ ಹಾಕುವ ಮುಂಚೆ ಒಂದು ಕಾಳನ್ನು ಉಗುರಲ್ಲಿ ಒತ್ತಿ, ಹಾಲುಕಟ್ಟಿದೆಯಾ ಅಂತ ನೋಡಿದ್ದೂ ಹೌದು.

ಎಲೆ ಹಾಕಿದ್ದು ಊಟದ ಮೇಜಿನ ಮೇಲೆ. ಅವರು ಶಿಲುಬೆಯ ಗುರುತು ಮಾಡಿಕೊಳ್ಳುವ ಹೊತ್ತಿಗೇ ಅಪ್ಪಯ್ಯ ಅಭ್ಯಾಸಬಲದಿಂದ ಎಲೆಯ ಸುತ್ತ ನೀರು ಬಿಟ್ಟ. ನೆಲದ ಮೇಲಾದರೆ ನೀರು ಅಲ್ಲೇ ನಿಲ್ಲುತ್ತದೆ. ಮೇಜು ಒಂದು ಕಡೆ ವಾಲಿತ್ತು. ಪರಿಷೇಚನೆ ನೇರವಾಗಿ ಪಕ್ಕದಲ್ಲಿ ಕೂತಿದ್ದ ಅವನ ದೊಡ್ಡಪ್ಪನ ಬಿಳಿ ಪ್ಯಾಂಟಿಗೆ ಇಳಿಯಿತು. ಅವರು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದವರು ಹಾಗೇ ಇದ್ದರು. ಭಕ್ತಿ ಅಂದರೆ ಅದು.

ಆಗಲೇ ನಾಲ್ಕನೆಯ ಪ್ರಶ್ನೆ ನನ್ನೆದುರು ಎಲೆಯ ಮೇಲೆ ಬಂದು ಕೂತಿದ್ದು. ತೊಂಡೆಕಾಯಿ-ಗೋಡಂಬಿ ಪಲ್ಯದ ಒಗ್ಗರಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ. ಎಸಳಿಗೆ ಎಸಳು. ಬೆಳ್ಳುಳ್ಳಿ ತರಕಾರಿಯೇ ತಾನೇ, ಅವರ ತಪ್ಪೇನೂ ಇಲ್ಲ. ಅಪ್ಪಯ್ಯ, ಅಮ್ಮ ಬೇರೆ ದಿನ ಕಣ್ಣುಮುಚ್ಚಾಲೆಯಲ್ಲಿ ತಿನ್ನುವವರೇ. ಆದರೆ ಅಮ್ಮಮ್ಮ ಜನ್ಮದಲ್ಲಿ ಮುಟ್ಟಿದವಳಲ್ಲ, ಅದರ ಮೇಲೆ ಪಕ್ಷ. ನಾನು ಏಳುವಷ್ಟರಲ್ಲಿ ಅಮ್ಮಮ್ಮನ ಎಲೆಯ ತೊಂಡೆಕಾಯಿ ಖಾಲಿ.

“ಇದಕ್ಕೆ ಹಾಕಿದ ಶೇಂಗಾ ಚೊಲೊ ಇದ್ದು,” ಅಂದಳು. “ಇನ್ನೊಂಚೂರು ಬಡಿಸು.”

ನಾನು ಹುಡುಗನನ್ನು ನೋಡಿದೆ. ಹುಡುಗ ಅವನಮ್ಮನನ್ನು ನೋಡಿದ. ಅಮ್ಮ ನೀರು ಕುಡಿದಳು. ಅಪ್ಪಯ್ಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕಷ್ಟದ ಬಗ್ಗೆ ದೊಡ್ಡಪ್ಪನಿಗೆ ಇದ್ದಕ್ಕಿದ್ದಂತೆ ವಿವರಿಸತೊಡಗಿದ. ಶೇಂಗಾ ಮತ್ತೆ ಬಡಿಸಲ್ಪಟ್ಟಿತು.

ಹೊರಡುವಾಗ ಊಟ ಹೇಗಿತ್ತು ಅಂತ ಅವನಮ್ಮ ಕೇಳಿದರು. “ಅಡ್ಡಿಲ್ಲೆ,” ಅಂದಳು ಅಮ್ಮಮ್ಮ. ಅವರ ಮುಖ ಬಾಡಿತು. ಹವ್ಯಕರ ಬಾಯಲ್ಲಿ ‘ಅಡ್ಡಿಲ್ಲೆ’ ಅಂದರೆ ನೂರಕ್ಕೆ ತೊಂಬತ್ತೈದು, ಅದಕ್ಕಿಂತ ಮೇಲೆ ಅಂಕವೇ ಇಲ್ಲ ಅಂತ ನಾನು ಆಮೇಲೆ ಫೋನಿನಲ್ಲಿ ಎರಡು ಸಲ ಹೇಳಬೇಕಾಯಿತು.

ಪಕ್ಷ ಮುಗಿದು ನವರಾತ್ರಿ ಶುರುವಾದ ದಿನವೇ ಅಪ್ಪಯ್ಯ ಅವರಿಗೆ ಫೋನ್ ಮಾಡಿದ. ಇನ್ನು ಏನನ್ನೂ ಮಾತಾಡಬಹುದಿತ್ತು, ಆದರೆ ಮೊದಲು ಫೋನ್ ಕಸಿದುಕೊಂಡದ್ದು ಅಮ್ಮಮ್ಮ. ಅವಳಿಗೆ ಆ ಶೇಂಗಾ ಎಲ್ಲಿ ಸಿಗುತ್ತದೆಂದು ತಿಳಿಯಬೇಕಿತ್ತು. ಅವನಮ್ಮ ಹೆದರಿ, ಮರುದಿನವೇ ಮಗನ ಕೈಲಿ ಗಾಂಧಿ ಬಜಾರಿನಿಂದ ಒಂದು ಕೆಜಿ ಒಳ್ಳೆಯ ಶೇಂಗಾ ತರಿಸಿ ಕಳಿಸಿಕೊಟ್ಟರು. ಅಮ್ಮಮ್ಮ ಅದನ್ನು ಹದವಾಗಿ ಹುರಿಸಿ, ತೊಂಡೆಕಾಯಿಗೆ ಹಾಕಿಸಿ, ಒಂದು ತುತ್ತು ಬಾಯಿಗಿಟ್ಟು, ಜಗಿದು, ನನ್ನ ಕಡೆ ನೋಡಿದಳು.

“ಇದು ಅದಲ್ಲ,” ಅಂದಳು.