ಐದು ಪರ್ಸೆಂಟ್ ರೆಸಿಸ್ಟರ್ ಅಂದ್ರೆ ಐದೇ ಪರ್ಸೆಂಟ್ ತಪ್ಪಲ್ಲ

ಚಿಂಚೋಳಿ ಹತ್ತಿರ ನಮ್ಮ ಕಾಕಾನ ತೊಗರಿ ಹೊಲಕ್ಕೆ ಸೋಲಾರ್ ಬೇಲಿ ಇದೆ. ಹಂದಿ ಕಾಟಕ್ಕೆ ಹಾಕಿಸಿದ್ದು. ಹೋದ ತಿಂಗಳು ಫೋನ್ ಮಾಡಿ, "ಬ್ಯಾಟರಿ ಹೊಸಾದು ಅದ ನೋಡಪ್ಪ, ಆದ್ರೂ ನಡುರಾತ್ರಿ ಬೇಲಿ ಬಂದ್ ಆಗ್ತದ" ಅಂದರು.

ಹೋಗಿ ನೋಡಿದೆ. ಬ್ಯಾಟರಿ 11.8 ವೋಲ್ಟ್‌ಗೆ ಇಳಿದರೆ ಬೇಲಿಯನ್ನು ಬಂದ್ ಮಾಡುವ ಒಂದು ಚಿಕ್ಕ ಬೋರ್ಡ್ ಇತ್ತು. ಬೇಲಿ ಬಂದ್ ಆದ ಹೊತ್ತಿಗೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.4. ಬೋರ್ಡಿನ 5 ವೋಲ್ಟ್ ಸಹ ಸರಿ ಇತ್ತು. ಉಳಿದದ್ದು ವೋಲ್ಟೇಜ್ ಡಿವೈಡರ್, ಅಂದ್ರೆ ಬ್ಯಾಟರಿ ವೋಲ್ಟೇಜನ್ನು ಬೋರ್ಡ್ ಓದುವಷ್ಟಕ್ಕೆ ಇಳಿಸುವ ಎರಡು ರೆಸಿಸ್ಟರ್‌ಗಳ ಜೋಡಿ. ಮೇಲಿನದು R1 20k, ಕೆಳಗಿನದು R2 10k, ಎರಡಕ್ಕೂ ಬಂಗಾರದ ಪಟ್ಟಿ, ಅಂದ್ರೆ ಬರೆದದ್ದಕ್ಕಿಂತ 5% ಆಚೀಚೆ ಇರಬಹುದು, ಇದೇ ಟಾಲರೆನ್ಸ್.

Vout = Vin × R2 / (R1 + R2)

ಲೆಕ್ಕದ ಪ್ರಕಾರ ಮೂರನೇ ಒಂದು ಭಾಗ ಬರಬೇಕು. ಬೋರ್ಡ್ ಅದನ್ನು ಮೂರರಿಂದ ಗುಣಿಸಿ ಬ್ಯಾಟರಿ ಎಷ್ಟಿದೆ ಅಂತ ತಿಳಿಯುತ್ತದೆ. ಎರಡೂ ರೆಸಿಸ್ಟರ್ 5% ಜಾಸ್ತಿ ಇದ್ದರೆ ಏನೂ ಕೆಡುವುದಿಲ್ಲ, ಅನುಪಾತ ಅದೇ ಇರುತ್ತದೆ. ಕೆಡುವುದು ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ. 12 ವೋಲ್ಟ್ ಕೊಟ್ಟು ನೋಡಿ. 21k ಮತ್ತು 9.5k ಆದರೆ 4 ವೋಲ್ಟ್ ಬದಲು 3.74. 19k ಮತ್ತು 10.5k ಆದರೆ 4.27. ಅಂದ್ರೆ 12 ವೋಲ್ಟ್ ಬ್ಯಾಟರಿಯನ್ನು ಬೋರ್ಡ್ 11.2 ಅಂತಲೂ ಓದಬಹುದು, 12.8 ಅಂತಲೂ ಓದಬಹುದು. ಒಂದು ಖಾಲಿ ಬ್ಯಾಟರಿ, ಇನ್ನೊಂದು ಫುಲ್ ಬ್ಯಾಟರಿ!

ತಪ್ಪು ಹೆಚ್ಚುಕಡಿಮೆ 6.7% ಆಯ್ತು. ಸುಮ್ನೆ ಅಂದಾಜಿಗೆ, ಟಾಲರೆನ್ಸಿನ ಎರಡು ಪಟ್ಟನ್ನು (1 − Vout/Vin) ಇಂದ ಗುಣಿಸಿ. ಅರ್ಧಕ್ಕೆ ಇಳಿಸುವ ಡಿವೈಡರ್‌ನಲ್ಲಿ ತಪ್ಪು 5% ಮಾತ್ರ. ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿದರೆ ಹತ್ತರ ಹತ್ತಿರ ಹೋಗುತ್ತದೆ. ಬಹಳ ಜನ ಇದನ್ನೇ ನೋಡುವುದಿಲ್ಲ.

ಕಾಕಾನ ಬೋರ್ಡಿನ ಎರಡೂ ರೆಸಿಸ್ಟರ್ ಬಿಚ್ಚಿ ಅಳೆದೆ. ಬೋರ್ಡಿನ ಮೇಲೇ ಅಳೆದರೆ ಅಕ್ಕಪಕ್ಕದ ಸರ್ಕೀಟ್ ಸೇರಿ ಸುಳ್ಳು ತೋರಿಸುತ್ತದೆ. 20.7k ಮತ್ತು 9.6k ಬಂತು. ಎರಡೂ 5% ಒಳಗೇ ಇವೆ, ಯಾವುದೂ ಕೆಟ್ಟಿಲ್ಲ. ಆದರೆ 12.4 ವೋಲ್ಟ್ ಈ ಬೋರ್ಡಿಗೆ 11.79 ಅಂತ ಕಾಣುತ್ತದೆ. ಬಂದ್ ಮಾಡದೆ ಏನು ಮಾಡೀತು?

ಒಂದು ಬೋರ್ಡ್ ಮಾಡುವವರು ಅಳೆದು, ಗುಣಿಸುವ ಸಂಖ್ಯೆ ತಿದ್ದಿಕೊಳ್ಳಬಹುದು. ನೂರು ಬೋರ್ಡ್ ಮಾರುವವರು ಹಾಗೆ ಬಿಡಬಾರದು. ಈ ಎರಡು ಕೊನೆಗಳ ಲೆಕ್ಕ ಹಾಕಿಯೇ ಕಟ್ ಆಫ್ ಇಡಬೇಕು, 1% ರೆಸಿಸ್ಟರ್ ಹಾಕಬೇಕು. ಬೆಲೆಯಲ್ಲಿ ಚಿಲ್ಲರೆ ವ್ಯತ್ಯಾಸ ಅಲ್ವಾ? ರಾತ್ರಿಯಿಡೀ ಹೊಲ ಕಾಯುವವರ ಕಷ್ಟ ನೆನೆದರೆ ನನಗೆ ಸಿಟ್ಟೇ ಬರುತ್ತದೆ.

ಕಂದು ಪಟ್ಟಿಯ, ಅಂದ್ರೆ 1%ರ 20k, 10k ಹಾಕಿ ಬಂದಿದ್ದೇನೆ. ಈಗ 12.4 ವೋಲ್ಟನ್ನು ಎಷ್ಟೇ ಕೆಟ್ಟದಾಗಿ ಓದಿದರೂ ಅದು 12.23ಕ್ಕಿಂತ ಕೆಳಗೆ ಇಳಿಯುವುದಿಲ್ಲ.