ಸಕ್ಕರೆ ಪರೀಕ್ಷೆಯ ಮೂರು ಸಂಖ್ಯೆ ಹೊಂದಿಕೆಯಾಗದಿದ್ದರೆ ಲ್ಯಾಬ್ ತಪ್ಪೇ?

"ಫಾಸ್ಟಿಂಗ್ 98, ಊಟದ ನಂತರ 132, ಆದರೆ ಎಚ್‌ಬಿಎ1ಸಿ 6.7. ಹೀಗೆ ಬಂದರೆ ಲ್ಯಾಬ್ ರಿಪೋರ್ಟೇ ತಪ್ಪು."

ಹಾಗೆ ತೀರ್ಮಾನಿಸಬೇಡಿ. ಮೊದಲ ಎರಡು ಆ ದಿನದ ಎರಡು ಕ್ಷಣಗಳ ಸಕ್ಕರೆ. ಮೂರನೆಯದು ಸುಮಾರು ಮೂರು ತಿಂಗಳಲ್ಲಿ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಪ್ರಮಾಣ. ಅದರಲ್ಲಿ ಕೊನೆಯ ತಿಂಗಳ ಪಾಲೇ ಹೆಚ್ಚು.

6.7 ಎಂದರೆ ಸರಾಸರಿ ಸಕ್ಕರೆ ಸುಮಾರು 146. ಇಲ್ಲಿ ಎರಡೂ ಅಳತೆಗಳು ಅದಕ್ಕಿಂತ ಕಡಿಮೆ. ಪರೀಕ್ಷೆಗೆ ಮುನ್ನ ನಾಲ್ಕು ದಿನ ಪಥ್ಯ ಮಾಡಿದ್ದರೆ ಹೀಗಾಗುತ್ತದೆ. ಅಳೆಯದ ಹೊತ್ತಿನಲ್ಲಿ, ಉದಾಹರಣೆಗೆ ರಾತ್ರಿ ಊಟದ ಬಳಿಕ, ಸಕ್ಕರೆ ಏರುತ್ತಿದ್ದರೂ ಹೀಗಾಗುತ್ತದೆ.

ಜನ ಮರೆಯುವ ಕಾರಣ ಕಬ್ಬಿಣಾಂಶದ ಕೊರತೆ. ಅದರಿಂದ ಸಕ್ಕರೆ ಏರದೆಯೂ ಎಚ್‌ಬಿಎ1ಸಿ ಹೆಚ್ಚು ತೋರಬಹುದು, ಕೊರತೆ ನೀಗಿದ ಮೇಲೆ ಇಳಿಯಬಹುದು. ಹಾಗಾಗಿ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ನೋಡಿಸಿ. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ ಇದಕ್ಕೆ ತದ್ವಿರುದ್ಧ: ಕಣಗಳು ಹೊಸವು, ಸಕ್ಕರೆ ಅಂಟಲು ಸಮಯ ಸಿಕ್ಕಿರುವುದಿಲ್ಲ, ಸಂಖ್ಯೆ ಸುಳ್ಳಾಗಿ ಕಡಿಮೆ.

ಒಂದು ವಾರ ಗ್ಲುಕೋಮೀಟರ್‌ನಲ್ಲಿ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಪ್ರತಿ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ, ಮಲಗುವ ಮುನ್ನ ಅಳೆದು ಬರೆದಿಡಿ. ಎಂದಿನಂತೆಯೇ ಉಣ್ಣಿ. ಆಗಲೂ ಎಲ್ಲ ಅಳತೆಗಳೂ 140ರೊಳಗಿದ್ದರೆ, ಎರಡು-ಮೂರು ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ.